ಬಸ್ಕಿ ಹೊಡೆದ ಮೂರನೇ ದಿನ ಮೂತ್ರ ಕಪ್ಪಾದರೆ ಏನು ಮಾಡಬೇಕು?

ತುಮಕೂರಿನ ನಮ್ಮ ಬೀದಿಯ ಹುಡುಗನೊಬ್ಬ, ಎಂಟು ತಿಂಗಳಿಂದ ವ್ಯಾಯಾಮ ಬಿಟ್ಟಿದ್ದವನು, ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆ ಹತ್ತಿರವಾಯಿತೆಂದು ಒಂದೇ ಬೆಳಿಗ್ಗೆ 300 ಬಸ್ಕಿ ಹೊಡೆದ. ಮೂರನೇ ದಿನ ತೊಡೆಗಳು ಬಾತು, ಮೆಟ್ಟಿಲು ಇಳಿಯಲಾಗದೆ, ಮೂತ್ರವು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದಾಗ ಮನೆಯವರೆಲ್ಲ ದೂರಿದ್ದು ಸ್ನಾಯು ಬಲಕ್ಕೆಂದು ಅವನು ತಿನ್ನುತ್ತಿದ್ದ ಕ್ರಿಯಾಟಿನ್ ಪುಡಿಯ ಡಬ್ಬಿಯನ್ನು.

ಕಾರಣ ಬಸ್ಕಿಯಲ್ಲೇ ಇತ್ತು. ಕೆಳಗೆ ಕೂರುವಾಗ ತೊಡೆಯ ಸ್ನಾಯು ಮೈಭಾರ ಹೊತ್ತುಕೊಂಡೇ ಹಿಗ್ಗುತ್ತದೆ. ರೂಢಿ ತಪ್ಪಿದ ಸ್ನಾಯುವಿನ ಎಳೆಗಳು ಹರಿಯುವುದು ಹೆಚ್ಚಾಗಿ ಈ ಇಳಿತದಲ್ಲಿ. ಕ್ಯಾಲ್ಸಿಯಂ ಅನ್ನು ಹೊರದೂಡಲು ಜೀವಕೋಶಕ್ಕೆ ಶಕ್ತಿ ಉಳಿಯದಿದ್ದಾಗ ಅದು ಒಳಗೇ ತುಂಬಿ ಕೋಶವನ್ನು ಒಡೆಯುತ್ತದೆ. ಸ್ನಾಯು ಹೀಗೆ ಒಡೆಯುವ ಕಾಯಿಲೆಯ ಹೆಸರು ರಾಬ್ಡೊಮಯೋಲಿಸಿಸ್. ಹೊರಬಿದ್ದ ಮಯೋಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನ್ ಮೂತ್ರವನ್ನು ಕಪ್ಪಾಗಿಸಿ ಮೂತ್ರಪಿಂಡವನ್ನು ಕೆಡಿಸಬಹುದು, ಪೊಟ್ಯಾಸಿಯಂ ಹೃದಯದ ಬಡಿತವನ್ನು ತಪ್ಪಿಸಬಹುದು. ಬಿಸಿಲು, ನೀರಿನ ಕೊರತೆ, ಜ್ವರ ಇವು ಅಪಾಯವನ್ನು ಹೆಚ್ಚಿಸುತ್ತವೆ.

ಮೊದಲ ಹೆಜ್ಜೆ: ಮೂತ್ರ ಕಪ್ಪಾದ ದಿನವೇ ಆಸ್ಪತ್ರೆಗೆ ಹೋಗಬೇಕು. ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆ ನುಂಗಬಾರದು; ಅವು ಮೂತ್ರಪಿಂಡಕ್ಕೆ ಮತ್ತೊಂದು ಪೆಟ್ಟು.

ಎರಡನೆಯದು ಪರೀಕ್ಷೆ. ಜನ ಎಡವುವುದು ಇಲ್ಲೇ, ಏಕೆಂದರೆ ಮೂರು ಹೆಸರುಗಳು ಒಂದೇ ರೀತಿ ಕೇಳಿಸುತ್ತವೆ. ಸಿಪಿಕೆ, ಅಂದರೆ ಕ್ರಿಯಾಟಿನ್ ಕೈನೇಸ್, ಸ್ನಾಯುವಿನೊಳಗಿನ ಕಿಣ್ವ. ಸ್ನಾಯು ಒಡೆದಾಗ ಅದು ರಕ್ತದಲ್ಲಿ ಏರುತ್ತದೆ. ಕ್ರಿಯಾಟಿನಿನ್ ಮೂತ್ರಪಿಂಡ ಹೊರಹಾಕುವ ಕಸ. ಕ್ರಿಯಾಟಿನ್ ಡಬ್ಬಿಯಲ್ಲಿರುವ ಪುಡಿ. ಸಿಪಿಕೆ ಸಾಮಾನ್ಯವಾಗಿ 200ರ ಆಸುಪಾಸಿನೊಳಗಿರುತ್ತದೆ. 1000 ದಾಟಿ ಲಕ್ಷಣಗಳೂ ಇದ್ದರೆ ವೈದ್ಯರು ಈ ಕಾಯಿಲೆಯನ್ನು ಶಂಕಿಸುತ್ತಾರೆ, 5000 ದಾಟಿದರೆ ಮೂತ್ರಪಿಂಡದ ಮೇಲೆ ಕಣ್ಣಿಡುತ್ತಾರೆ. ನಮ್ಮ ಹುಡುಗನದು 38,000 ಇತ್ತು. ಅವನ ಮೂತ್ರದ ಪಟ್ಟಿ ಪರೀಕ್ಷೆ ರಕ್ತವಿದೆ ಎಂದಿತು, ಸೂಕ್ಷ್ಮದರ್ಶಕದಲ್ಲಿ ಕೆಂಪು ರಕ್ತಕಣಗಳೇ ಇರಲಿಲ್ಲ. ಈ ವಿರೋಧವೇ ಮಯೋಗ್ಲೋಬಿನ್ನಿನ ಗುರುತು. ಸಿಪಿಕೆ ತನ್ನ ಗರಿಷ್ಠ ಮಟ್ಟಕ್ಕೆ ಏರಲು ಒಂದರಿಂದ ಮೂರು ದಿನ ಹಿಡಿಯುವುದರಿಂದ, ಮೊದಲ ದಿನದ ಒಂದೇ ವರದಿ ನೋಡಿ ನಿಶ್ಚಿಂತರಾಗಬಾರದು.

ಮೂರನೆಯದಾಗಿ, ಪುಡಿ ತಿನ್ನುವ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು. ಕ್ರಿಯಾಟಿನ್ ದೇಹದಲ್ಲಿ ಕ್ರಿಯಾಟಿನಿನ್ ಆಗಿ ಮಾರ್ಪಡುವುದರಿಂದ, ಮೂತ್ರಪಿಂಡ ಚೆನ್ನಾಗಿದ್ದರೂ ವರದಿಯಲ್ಲಿ ಆ ಅಂಕಿ ಸ್ವಲ್ಪ ಹೆಚ್ಚಿ ಗೊಂದಲವಾಗುತ್ತದೆ. ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಳ್ಳುವ ಆರೋಗ್ಯವಂತರಲ್ಲಿ ಅದು ಸ್ನಾಯುವನ್ನು ಒಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದರೂ ಕಾಯಿಲೆ ಇಳಿಯುವವರೆಗೆ ನಿಲ್ಲಿಸುವುದೇ ಸರಿ. ನಾನು ಹೆಚ್ಚು ಅನುಮಾನಿಸುವುದು ವ್ಯಾಯಾಮಕ್ಕೆ ಮುಂಚೆ ಕುಡಿಯುವ, ಕೆಫೀನ್ ತುಂಬಿದ, ಒಳಗೇನಿದೆಯೆಂದು ಲೇಬಲ್ಲಿನಲ್ಲೂ ಪೂರ್ತಿ ಹೇಳದ ಬಣ್ಣದ ಪುಡಿಗಳನ್ನು. ಅವು ದಣಿವಿನ ಎಚ್ಚರಿಕೆಯನ್ನೇ ಮರೆಮಾಚುತ್ತವೆ.

ಉಳಿದದ್ದು ಆಸ್ಪತ್ರೆಯ ಡ್ರಿಪ್. ಸಿಪಿಕೆ 1000ದ ಕೆಳಗಿಳಿದು ಮೂತ್ರ ತಿಳಿಯಾದ ನಂತರ, ವೈದ್ಯರ ಒಪ್ಪಿಗೆ ಪಡೆದು ನಮ್ಮ ಹುಡುಗ ಮೊದಲು ನಡಿಗೆ, ಆಮೇಲೆ ದಿನಕ್ಕೆ ಹತ್ತು ಬಸ್ಕಿ ಶುರುಮಾಡಿದ.