ಎಂಬಿಎ ಕೇಸ್ ಉತ್ತರ: ಅಂಕ ಹಾಕುವ ಮುನ್ನ ಏನನ್ನು ನೋಡಬೇಕು?

ಮಂಗಳೂರು, ಉಡುಪಿಯ ಎಂಬಿಎ ವಿದ್ಯಾರ್ಥಿಗಳಿಗೆ ಗೇರು ಬೀಜದ ಕಾರ್ಖಾನೆ ಹೊಸದಲ್ಲ. ಅದೇ ಉದ್ಯಮದ ಒಂದು ಕಾಲ್ಪನಿಕ ಕೇಸ್ ಇಟ್ಟುಕೊಂಡು, 20 ಅಂಕದ ಉತ್ತರವನ್ನು ತೂಗುವುದು ಹೇಗೆಂದು ನೋಡೋಣ.

ಕಾರ್ಖಾನೆ ಕಾರ್ಕಳದ ಹತ್ತಿರ ಇದೆ ಎಂದುಕೊಳ್ಳಿ. ದಿನಕ್ಕೆ ಎರಡು ಪಾಳಿ. ಪ್ರತಿ ಪಾಳಿಯಲ್ಲಿ 1,000 ಕಿಲೋ ಬೀಜ ಒಡೆದು 250 ಕಿಲೋ ತಿರುಳು ತೆಗೆಯುತ್ತಾರೆ. ಇಡಿ ತಿರುಳಿಗೆ ಕಿಲೋಗೆ 800 ರೂಪಾಯಿ, ಹೋಳು ಮತ್ತು ಚೂರಿಗೆ ಸರಾಸರಿ 600. ಎರಡನೇ ಪಾಳಿ ಶುರುವಾದ ಮೇಲೆ ಮಾಲು ಹೆಚ್ಚಿದೆ, ಲಾಭ ಮಾತ್ರ ಅಷ್ಟಾಗಿ ಹೆಚ್ಚಿಲ್ಲ. 'ಕೆಲಸದವರ ಕೈ ಪಳಗಿಲ್ಲ, 60 ಲಕ್ಷ ಹಾಕಿ ಒಡೆಯುವ ಯಂತ್ರ ತರಬೇಕು' ಎನ್ನುವುದು ಮಾಲೀಕರ ಮಾತು. ಕೇಸಿನ ಕೊನೆಗೆ ಅನುಬಂಧದಲ್ಲಿ ಕೆಲವು ಕೋಷ್ಟಕಗಳಿವೆ.

ಮೊದಲು ನೀವೇ ಬಿಡಿಸಿ

ಉತ್ತರಗಳ ಕಟ್ಟು ಬಿಚ್ಚುವ ಮೊದಲು ಅನುಬಂಧವನ್ನು ನೀವೇ ಓದಿ, ಯಾವ ಅಂಕಿ ಏನು ಹೇಳುತ್ತದೆಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಇದನ್ನು ಮಾಡದಿದ್ದರೆ ಮೊದಲು ಕೈಗೆ ಸಿಕ್ಕ ಚುರುಕಾದ ಉತ್ತರವೇ ನಿಮ್ಮ ಮಾದರಿಯಾಗಿಬಿಡುತ್ತದೆ.

ಈ ಕೇಸಿನಲ್ಲಿ ಆ ಹಾಳೆ ಹೀಗಿರುತ್ತದೆ. ಖರೀದಿದಾರರು ಕೊಡುವ ದರ ಬದಲಾಗಿಲ್ಲ. ಮೊದಲ ಪಾಳಿಯಲ್ಲಿ ಶೇ 75ರಷ್ಟು ತಿರುಳು ಇಡಿಯಾಗಿ ಸಿಗುತ್ತದೆ, ಎರಡನೆಯದರಲ್ಲಿ ಶೇ 55. ಕೆಲಸದವರು ವಾರಕ್ಕೊಮ್ಮೆ ಪಾಳಿ ಬದಲಿಸುತ್ತಾರೆ. ಹಬೆಯಲ್ಲಿ ಬೇಯಿಸಿದ ಬೀಜ ಒಡೆಯುವ ಮೊದಲು ತಣಿಯಬೇಕಲ್ಲ, ಮೊದಲ ಪಾಳಿಯ ಬೀಜ 18 ಗಂಟೆ ತಣಿಯುತ್ತದೆ. ಹರಡಲು ಜಾಗ ಸಾಲದೆ ಎರಡನೇ ಪಾಳಿಯದಕ್ಕೆ ಸಿಗುವುದು 8 ಗಂಟೆ ಮಾತ್ರ.

ಅಂಕಗಳನ್ನು ಹೀಗೆ ಹಂಚಿ: ಸಮಸ್ಯೆಯ ಪತ್ತೆಗೆ 8, ಆಯ್ಕೆಗಳಿಗೆ 5, ಶಿಫಾರಸಿಗೆ 7. ಮೊದಲು ನಾಲ್ಕೈದು ಉತ್ತರಗಳನ್ನು ಅಂಕ ಹಾಕದೆ ಸುಮ್ಮನೆ ಓದಿ. ಆಮೇಲೆ ಎಲ್ಲರ ಸಮಸ್ಯೆಯ ಭಾಗವನ್ನು ಒಟ್ಟಿಗೆ ಮುಗಿಸಿ, ಆನಂತರ ಎಲ್ಲರ ಆಯ್ಕೆಗಳಿಗೆ ಹೋಗಿ. ಹೀಗೆ ಮಾಡಿದರೆ ಒಬ್ಬರ ಚೆಂದದ ಶಿಫಾರಸು ಅವರದೇ ದುರ್ಬಲ ಪತ್ತೆಯನ್ನು ಮುಚ್ಚಿಹಾಕುವುದಿಲ್ಲ.

ಪತ್ತೆ: ಲಕ್ಷಣವೋ ಕಾರಣವೋ?

ಹೆಚ್ಚಿನವರು ಎಡವುವುದು ಇಲ್ಲೇ. 'ಲಾಭ ಅಷ್ಟಾಗಿ ಹೆಚ್ಚಿಲ್ಲ' ಎನ್ನುವುದು ಲಕ್ಷಣ. 'ಹೋಳು ಜಾಸ್ತಿ ಬರುತ್ತಿದೆ' ಎನ್ನುವುದು ಒಂದು ಮೆಟ್ಟಿಲು ಕೆಳಗಿನದು, ಅದೂ ಕಾರಣವಲ್ಲ. ವಿದ್ಯಾರ್ಥಿ ಎಲ್ಲಿ ನಿಂತಿದ್ದಾರೆಂದು ತಿಳಿಯಲು ಅವರ ವಾಕ್ಯದ ಮುಂದೆ 'ಯಾಕೆ?' ಎಂದು ಬರೆದು ನೋಡಿ. ಕೇಸಿನೊಳಗೇ ಅದಕ್ಕೆ ಉತ್ತರ ಇದ್ದರೆ ಅವರು ಇನ್ನೂ ಕೆಳಗೆ ಇಳಿಯಬಹುದಿತ್ತು ಎಂದರ್ಥ.

ಮಾಲೀಕರ ಮಾತನ್ನೇ ಕಾರಣವೆಂದು ಒಪ್ಪಿದ ಉತ್ತರಕ್ಕೆ ಎಂಟರಲ್ಲಿ ಎರಡಕ್ಕಿಂತ ಹೆಚ್ಚು ಕೊಡಬೇಡಿ. ಕೈ ಪಳಗಿಲ್ಲದಿದ್ದರೆ ಅದೇ ಜನ ಮೊದಲ ಪಾಳಿಗೆ ಬಂದಾಗಲೂ ಹೋಳು ಹೆಚ್ಚಬೇಕಿತ್ತು. ಇಲ್ಲಿ ಹೋಳು ಜನರನ್ನು ಹಿಂಬಾಲಿಸುತ್ತಿಲ್ಲ, ಪಾಳಿಯನ್ನು ಹಿಂಬಾಲಿಸುತ್ತಿದೆ. ಈ ಒಂದು ಅಂಶವನ್ನು ಹಿಡಿದವರಿಗೆ ಐದು ಧಾರಾಳವಾಗಿ ಸಲ್ಲುತ್ತದೆ. ಅಲ್ಲಿಂದ ತಣಿಯುವ ಹೊತ್ತಿಗೆ ಬಂದು ನಷ್ಟವನ್ನು ರೂಪಾಯಿಯಲ್ಲಿ ತೋರಿಸಿದರೆ ಏಳು. ಲೆಕ್ಕ ಸರಳ: 250 ಕಿಲೋದಲ್ಲಿ ಶೇ 20 ಅಂದರೆ 50 ಕಿಲೋ, ಕಿಲೋಗೆ 200 ರೂಪಾಯಿ ವ್ಯತ್ಯಾಸ, ದಿನಕ್ಕೆ 10,000. ವರ್ಷಕ್ಕೆ 250 ದಿನ ಕೆಲಸ ನಡೆದರೆ 25 ಲಕ್ಷ.

ಎಂಟನೆಯ ಅಂಕ ಯಾರಿಗೆ? ಪಾಳಿಗಳ ನಡುವೆ ಇನ್ನೊಂದು ವ್ಯತ್ಯಾಸವೂ ಇದೆ. ಎರಡನೆಯದು ರಾತ್ರಿ ನಡೆಯುತ್ತದೆ. ಬೆಳಕು ಸಾಲದೆಯೋ ದಣಿವಿನಿಂದಲೋ ಹೋಳಾಗುತ್ತಿರಬಹುದು. ಕೇಸಿನ ಅಂಕಿಗಳು ಈ ಸಾಧ್ಯತೆಯನ್ನು ತಳ್ಳಿಹಾಕುವುದಿಲ್ಲ. ಅದನ್ನು ಕಂಡು, 'ತಣಿಯುವ ಹೊತ್ತೇ ಕಾರಣವಿರಬೇಕು, ಆದರೆ ಪರೀಕ್ಷಿಸಬೇಕು' ಎಂದು ಬರೆದವರದು ನಿಜವಾದ ರೋಗಪತ್ತೆ. ಅಂಥ ಹಿಂಜರಿಕೆಯನ್ನು ಅನಿಶ್ಚಿತತೆ ಎಂದು ಅಂಕ ಕಡಿಯುವುದು ದೊಡ್ಡ ತಪ್ಪು.

ಸ್ವಾಟ್ ಕೋಷ್ಟಕಕ್ಕೆ ಪ್ರತ್ಯೇಕ ಅಂಕ ಬೇಡ. ಅದರೊಳಗಿನ ಯಾವ ಸಾಲು ಪತ್ತೆಗೆ ನೆರವಾಯಿತೋ ಅದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆಯ್ಕೆಗಳು: ಡಮ್ಮಿ ಇವೆಯೇ?

ವಿದ್ಯಾರ್ಥಿಗಳು ಮೊದಲೇ ಒಂದನ್ನು ನಿರ್ಧರಿಸಿ, ಅದರ ಪಕ್ಕ ಸೋಲಲೆಂದೇ ಎರಡು ಆಯ್ಕೆ ನಿಲ್ಲಿಸುವುದುಂಟು. ಇದನ್ನು ಗುರುತಿಸಲು ಶಿಫಾರಸಿನ ಪುಟವನ್ನು ಕೈಯಿಂದ ಮುಚ್ಚಿ ಆಯ್ಕೆಗಳನ್ನು ಮಾತ್ರ ಓದಿ. ಗೆಲ್ಲುವುದು ಯಾವುದೆಂದು ಮೊದಲ ಓದಿಗೇ ಗೊತ್ತಾದರೆ ಉಳಿದವು ಡಮ್ಮಿ.

ಇಲ್ಲಿ ನಿಜಕ್ಕೂ ತೂಗಬೇಕಾದವು ನಾಲ್ಕು: ಇದ್ದಂತೆ ಮುಂದುವರಿಯುವುದು, ಯಂತ್ರ ಕೊಳ್ಳುವುದು, ಎರಡನೇ ಪಾಳಿ ನಿಲ್ಲಿಸುವುದು, 12 ಲಕ್ಷದಲ್ಲಿ ತಣಿಸುವ ಜಾಗ ಮತ್ತು ಟ್ರೇ ಹೆಚ್ಚಿಸುವುದು. ಎಲ್ಲವನ್ನೂ ಒಂದೇ ಅಳತೆಗೋಲಿನಿಂದ ಅಳೆದಿದ್ದಾರೆಯೇ ನೋಡಿ. ಯಂತ್ರಕ್ಕೆ ಖರ್ಚು ಮಾತ್ರ, ಟ್ರೇಗೆ ಲಾಭ ಮಾತ್ರ ಬರೆದರೆ ಅದು ಹೋಲಿಕೆಯಲ್ಲ.

ಪಾಳಿ ನಿಲ್ಲಿಸುವ ಆಯ್ಕೆಯಲ್ಲಿ ಒಂದು ಬಲೆ ಇದೆ. ದಿನಕ್ಕೆ 10,000 ನಷ್ಟವಾಗುತ್ತಿದೆ, ಹಾಗಾಗಿ ಮುಚ್ಚೋಣ ಎಂದು ಕೆಲವರು ಬರೆಯುತ್ತಾರೆ. ಆದರೆ ಬದಲಾಗುವ ಖರ್ಚು ಕಳೆದ ಮೇಲೂ ಆ ಪಾಳಿ ದಿನಕ್ಕೆ 18,000 ಉಳಿಸಿಕೊಡುತ್ತದೆ ಎಂದು ಅನುಬಂಧದಲ್ಲೇ ಇದೆ. 10,000 ಎನ್ನುವುದು ಕೈತಪ್ಪಿದ ಗಳಿಕೆ, ಕೈಯಿಂದ ಹೋಗುವ ಹಣವಲ್ಲ. ಮುಚ್ಚಿದರೆ ವರ್ಷಕ್ಕೆ 45 ಲಕ್ಷ ಹೋಗುತ್ತದೆ. ಈ ತಪ್ಪಿಗೆ ಐದರಲ್ಲಿ ಎರಡು ಅಂಕ ಕಳೆಯಬಹುದು.

ಶಿಫಾರಸು: ತಾನು ತಪ್ಪಿದ್ದರೆ?

ಟ್ರೇ ಎಂದು ಬರೆದ ಮಾತ್ರಕ್ಕೆ ಏಳೂ ಅಂಕ ಬೇಡ. ಸಮರ್ಥನೆ ನೋಡಿ. ಶೇ 75 ಪೂರ್ತಿ ಮರಳಿದರೆ 12 ಲಕ್ಷ ಸುಮಾರು ಆರು ತಿಂಗಳಲ್ಲಿ ವಾಪಸು ಬರುತ್ತದೆ. ಅರ್ಧದಷ್ಟೇ ಮರಳಿದರೂ ಒಂದು ವರ್ಷದೊಳಗೆ ಬರುತ್ತದೆ. ಈ ಎರಡನೇ ಲೆಕ್ಕ ಮಾಡಿದವರು ತಮ್ಮ ಊಹೆ ತಪ್ಪಿದರೂ ತೀರ್ಮಾನ ನಿಲ್ಲುತ್ತದೆಯೇ ಎಂದು ನೋಡಿದ್ದಾರೆ. ಹಣ ಹಾಕುವ ಮುನ್ನ ಒಂದು ವಾರ, 18 ಗಂಟೆ ತಣಿದ ಸ್ವಲ್ಪ ಬೀಜವನ್ನು ಎರಡನೇ ಪಾಳಿಗೇ ಕೊಟ್ಟು ನೋಡಿ ಎಂದು ಸೇರಿಸಿದರೆ ಇನ್ನೂ ಒಳ್ಳೆಯದು. ಆಗಲೂ ಹೋಳು ಇಳಿಯದಿದ್ದರೆ ತೊಂದರೆ ಬೆಳಕಿನದೋ ದಣಿವಿನದೋ ಇರಬೇಕು, ಟ್ರೇಯ ದುಡ್ಡು ಉಳಿಯಿತು. ಪ್ರಯೋಗದ ಫಲ ಎಷ್ಟು ಬಂದರೆ ಮುಂದುವರಿಯುವುದು ಎಂಬ ಅಂಕಿಯನ್ನೂ ಕೊಟ್ಟವರಿಗೆ ಏಳು ಕೊಡಿ.

ಪತ್ತೆಯೇ ತಪ್ಪಿ, ಆ ತಪ್ಪಿನ ಮೇಲೆ ತರ್ಕಬದ್ಧವಾಗಿ ಕಟ್ಟಿದ ಶಿಫಾರಸಿಗೆ ಏನು ಮಾಡುವುದು? ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಬೇಡ. ಯಂತ್ರವನ್ನೇ ಸೂಚಿಸಿದರೂ ಖರ್ಚು, ವಾಪಸಾತಿ ಮತ್ತು ಅಪಾಯವನ್ನು ಸರಿಯಾಗಿ ತೂಗಿದ್ದರೆ ನಾಲ್ಕರವರೆಗೆ ಕೊಡಬಹುದು. ಅದಕ್ಕೂ ಮೇಲೆ ಬೇಡ, ಯಾಕೆಂದರೆ ಸರಿಯಾಗಿ ತಣಿಯದ ಬೀಜ ಯಂತ್ರದಲ್ಲಿ ಒಡೆದರೂ ಅದೇ ಬೀಜ.

ಭಾಷೆಯ ವಿಚಾರದಲ್ಲಿ ಒಂದು ಕೋರಿಕೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳ ಇಂಗ್ಲಿಷ್ ವಾಕ್ಯ ತಡವರಿಸಬಹುದು. ಪಾಳಿಯ ಅಂಕಿಯನ್ನು ಕಂಡದ್ದು ಅವರೇ ಆಗಿದ್ದರೆ ವ್ಯಾಕರಣಕ್ಕಾಗಿ ಆ ಅಂಕ ಕಡಿಯಬೇಡಿ.

ಉತ್ತರದ ಅಂಚಿನಲ್ಲಿ ಬರೆಯುವ ಟಿಪ್ಪಣಿ 'ವಿಶ್ಲೇಷಣೆ ಸಾಲದು' ಎಂದಿದ್ದರೆ ವಿದ್ಯಾರ್ಥಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: 'ಕೈ ಪಳಗಿಲ್ಲ ಎಂದಿದ್ದೀರಿ. ಅದೇ ಜನ ಮುಂದಿನ ವಾರ ಮೊದಲ ಪಾಳಿಗೆ ಬಂದಾಗ ಶೇ 75 ಹೇಗೆ ಬಂತು?'