ಫೋನ್ ಬಂದ ಮೇಲೆ ಒಂದು ತಾಸಿನಲ್ಲಿ ಆಯೇರಿ

"ಇವತ್ತ ಮಧ್ಯಾಹ್ನ ವಾಸ್ತುಶಾಂತಿ ಊಟಕ್ಕ ಬರ್ರಿ ಅಕ್ಕಾ, ಹೇಳೂದು ತಡ ಆತು" ಅಂತ ಬೆಳಿಗ್ಗೆ ಫೋನ್ ಬಂದರೆ ಬೀದರಿನಲ್ಲಿರುವವರು ಗಾಬರಿ ಬೀಳಬೇಕಾಗಿಲ್ಲ. ಗೋಡೆ ಗಡಿಯಾರ, ಸ್ಟೀಲ್ ಡಬ್ಬಿ ಆ ಮನೆಗೆ ಅಂದೇ ನಾಲ್ಕೈದು ಬಂದು ಬೀಳುತ್ತವೆ. ಅದರ ಬದಲು ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಬಿದ್ರಿ ಸಾಮಾನು ಒಯ್ಯಿರಿ. ಚೌಬಾರಾ ಸುತ್ತ ಬಿದ್ರಿ ಅಂಗಡಿಗಳಿವೆ, ಅಲ್ಲಿಗೆ ಹೋಗಿ.

ಎಷ್ಟು ಖರ್ಚು ಮಾಡುತ್ತೀರಿ ಅನ್ನೋದನ್ನು ಮನೆಯಲ್ಲೇ ನಿಕ್ಕಿ ಮಾಡಿಕೊಂಡು ಹೊರಡಿ. ಅಂಗಡಿಯವರ ಮುಂದೆ ಮೊದಲು ಆ ರೊಕ್ಕವನ್ನೇ ಹೇಳಿದರೆ ಅರ್ಧ ಗಂಟೆ ಉಳಿಯುತ್ತದೆ. ಬೆಳ್ಳಿ ಎಷ್ಟು ಕೂತಿದೆ, ಕೆತ್ತನೆ ಎಷ್ಟು ಸಣ್ಣದು ಅನ್ನುವುದರ ಮೇಲೆ ಬೆಲೆ ಏರುತ್ತದೆ. ಕಡಿಮೆ ರೊಕ್ಕಕ್ಕೆ ದೊಡ್ಡ ಹೂದಾನಿ ಹುಡುಕುವುದಕ್ಕಿಂತ ಸಣ್ಣ ಡಬ್ಬಿಯನ್ನೋ ತಟ್ಟೆಯನ್ನೋ ಒಳ್ಳೆ ಕೆಲಸದ್ದು ತಗೊಳ್ಳಿ.

ಅವಸರದಲ್ಲಿ ಬಣ್ಣ ಬಳಿದ ನಕಲು ಕೈಗೆ ಬರಬಾರದು. ಬಿದ್ರಿ ಸತುವು ಹೆಚ್ಚು, ತಾಮ್ರ ಕಡಿಮೆ ಇರುವ ಲೋಹ. ಹಾಗಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಗಾತ್ರಕ್ಕೆ ತೂಕ ಜಾಸ್ತಿ. ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಹಚ್ಚಿದಾಗ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೆಳ್ಳಿಯ ಗೆರೆ ಮೇಲೆ ಉಗುರು ಆಡಿಸಿ ನೋಡಿ. ನಿಜವಾದದ್ದರಲ್ಲಿ ಬೆಳ್ಳಿ ಲೋಹದೊಳಗೆ ಸಮವಾಗಿ ಕೂತಿರುತ್ತದೆ, ಉಗುರಿಗೆ ತಡೆ ಸಿಗೋದಿಲ್ಲ. ಬಣ್ಣದ ಗೆರೆಯಾದರೆ ಉಬ್ಬು ತಾಗುತ್ತದೆ, ಇಲ್ಲವೇ ಅಂಚಿನಲ್ಲಿ ಎದ್ದಿರುವುದು ಕಾಣುತ್ತದೆ. 2006ರಲ್ಲಿ ಬಿದ್ರಿಗೆ ಜಿಐ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಆದರೂ ಅಂಗಡಿಯ ಬೋರ್ಡಿಗಿಂತ ನಿಮ್ಮ ಉಗುರನ್ನೇ ನಂಬಿ.

ಒಂದು ಅಡಚಣೆ ಇದೆ. ಶುಭ ಕಾರ್ಯಕ್ಕೆ ಕಪ್ಪು ವಸ್ತು ಬೇಡ ಅನ್ನುವ ಹಿರಿಯರು ಕೆಲವು ಮನೆಗಳಲ್ಲಿ ಇರುತ್ತಾರೆ. ನನಗೇನೂ ಅನಿಸುವುದಿಲ್ಲ, ಆದರೆ ಆ ಮನೆಯ ಅತ್ತೆ ಹಾಗಿನವರು ಅಂತ ಗೊತ್ತಿದ್ದರೆ ಬಿದ್ರಿ ಬಿಟ್ಟುಬಿಡಿ. ದಾರಿಯ ಕಿರಾಣಿಯಲ್ಲಿ ತೆಂಗಿನಕಾಯಿ, ಐದು ಉತ್ತತ್ತಿ, ಐದು ಅರಿಶಿನ ಕೊಂಬು, ಅಡಿಕೆ ಕಟ್ಟಿಸಿಕೊಂಡು, ಜವಳಿ ಅಂಗಡಿಯಲ್ಲಿ ಕುಬಸದ ಖಣ ತಗೊಂಡು ಮನೆಯೊಡತಿಗೆ ಉಡಿ ತುಂಬಿ. ಖಣ ಒಂದು ಮೀಟರ್ ಇರಲಿ. ಕಟ್ಟು ಕಟ್ಟಿ ಇಟ್ಟ 80 ಸೆಂಟಿಮೀಟರಿನದ್ದು ಎಲ್ಲರಿಗೂ ಸಾಲುವುದಿಲ್ಲ.

ಬಿದ್ರಿ ಕೊಡುವುದಾದರೆ ಅರಿವೆ ಸುತ್ತಿ ಗಟ್ಟಿ ಡಬ್ಬಿಯಲ್ಲೇ ಒಯ್ಯಿರಿ, ಎರಕದ ಲೋಹ, ಜೋರಾಗಿ ಬಿದ್ದರೆ ಬಿರುಕು ಬಿಡಬಹುದು. ಒಳಗೆ ಚೀಟಿಯೊಂದನ್ನಿಡಿ: ಹುಣಸೆಹಣ್ಣು, ನಿಂಬೆ ಹಾಕಿ ತಿಕ್ಕಬೇಡಿ, ಊಟದ ಪದಾರ್ಥ ಇಡಬೇಡಿ, ಮಂಕಾದಾಗ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆ ಅರಿವೆಯಿಂದ ಒರೆಸಿ.