ಬೀಜ ಮೊಳೆಯಲಿಲ್ಲವೇ? ಕಂಪನಿಗೆ ಹೀಗೆ ದೂರು ಕೊಡಿ

ಬೀಜ ಹುಟ್ಟದಿದ್ದಾಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಅಂಗಡಿಯವನ ಜೊತೆ ಜಗಳ, ಆಮೇಲೆ ಹೊಲ ಉತ್ತು ಮರುಬಿತ್ತನೆ. ಅಲ್ಲಿಗೆ ಸಾಕ್ಷಿಯೆಲ್ಲ ಮಣ್ಣುಪಾಲು. ನಂತರ ಎಷ್ಟೇ ಉದ್ದದ ದೂರು ಬರೆದರೂ ಕಂಪನಿ ಕೇಳುವುದು ಒಂದೇ ಪ್ರಶ್ನೆ: ತಪ್ಪು ಬೀಜದ್ದೇ ಅಂತ ಹೇಗೆ ಹೇಳ್ತೀರಿ? ಮೆಕ್ಕೆಜೋಳವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಮೊದಲು ಚೀಲ, ಅದಕ್ಕೆ ಹೊಲಿದ ಲೇಬಲ್, ರಸೀದಿ ಮೂರನ್ನೂ ಎತ್ತಿಡಿ. ರಸೀದಿಯಲ್ಲಿ ಲಾಟ್ ನಂಬರ್ ಇಲ್ಲದಿದ್ದರೆ ಬರೆಸಿಕೊಳ್ಳಿ. ಎರಡು ಲಾಟ್ ಬಿತ್ತಿದ್ದರೆ ಯಾವುದು ಯಾವ ಕಡೆ ಅಂತ ಹೊಲದ ನಕ್ಷೆ ಗೀಚಿಡಿ. ಒಂದು ಲಾಟ್ ಚೆನ್ನಾಗಿ ಹುಟ್ಟಿ, ಅದೇ ದಿನ ಅದೇ ಮಣ್ಣಿಗೆ ಬಿದ್ದ ಇನ್ನೊಂದು ಹುಟ್ಟದಿದ್ದರೆ ಅದಕ್ಕಿಂತ ಒಳ್ಳೆ ಸಾಕ್ಷಿ ಸಿಗುವುದು ಕಷ್ಟ.

ಈಗ ಎಣಿಕೆ. ಎಲ್ಲರೂ ಎಡವುವುದು ಇಲ್ಲೇ. ‘ಅರ್ಧಕ್ಕರ್ಧ ಬಂದಿಲ್ಲ’ ಅಂತ ಬರೆದರೆ ಅದಕ್ಕೆ ಬೆಲೆಯಿಲ್ಲ. ಮಣ್ಣು ಬೆಚ್ಚಗೆ, ಹಸಿಯಾಗಿದ್ದರೆ ಮೆಕ್ಕೆಜೋಳ ಸಾಮಾನ್ಯವಾಗಿ ಒಂದು ವಾರದೊಳಗೆ ಮೇಲೆ ಬರುತ್ತದೆ, ಹಾಗಾಗಿ 10ನೇ ದಿನದ ಹೊತ್ತಿಗೆ ಎಣಿಸಿ. ಬೀಜದಿಂದ ಬೀಜಕ್ಕೆ 20 ಸೆಂ.ಮೀ. ಅಂತರ ಕೊಟ್ಟಿದ್ದರೆ 5 ಮೀಟರ್ ಸಾಲಿನಲ್ಲಿ 25 ಬೀಜ ಬಿದ್ದಿರುತ್ತವೆ. ಹೊಲದಲ್ಲಿ ಹತ್ತು ಕಡೆ ಹೀಗೆ ಅಳೆಯಿರಿ. ಚೆನ್ನಾಗಿ ಬಂದ ಜಾಗವನ್ನು ಬಿಟ್ಟು ಕೆಟ್ಟದ್ದನ್ನೇ ಆರಿಸಬೇಡಿ, ಕಂಪನಿಯವರು ಮೊದಲು ಹಿಡಿಯುವುದು ಅದನ್ನೇ. ಒಟ್ಟು 250 ಬೀಜಕ್ಕೆ 110 ಸಸಿ ಸಿಕ್ಕರೆ ಅದು ನೂರಕ್ಕೆ 44. ಲೇಬಲ್ ಮೇಲೆ 90 ಅಂತ ಇದ್ದರೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಹೊಲದಲ್ಲಿ ಲೇಬಲ್‌ಗಿಂತ ಸ್ವಲ್ಪ ಕಡಿಮೆ ಬರುವುದು ಸಹಜ. ಈ ಅಂತರ ಸಹಜವಲ್ಲ.

ಎಣಿಸಿದ ಮೇಲೆ ಖಾಲಿ ಜಾಗಗಳನ್ನು ಅಗೆಯಲೇಬೇಕು. ಬೀಜ ಊದಿಕೊಂಡು, ಮೆತ್ತಗಾಗಿ, ಬೇರೇ ಬಿಡದೆ ಕೂತಿದ್ದರೆ ಅನುಮಾನ ಬೀಜದ ಕಡೆ ತಿರುಗುತ್ತದೆ, ಆದರೆ ನೀರು ನಿಂತ ಜಾಗದಲ್ಲೂ ಹೀಗಾಗಬಹುದು. ಮೊಳಕೆ ಬಂದು ಮಣ್ಣಿನೊಳಗೇ ಸುರುಳಿ ಸುತ್ತಿದ್ದರೆ ಆಳ ಜಾಸ್ತಿಯಾಗಿದೆ ಅಥವಾ ಮೇಲ್ಪದರ ಗಟ್ಟಿಯಾಗಿದೆ. ಬೀಜವೇ ಇಲ್ಲದಿದ್ದರೆ ಯಂತ್ರ ಬಿಟ್ಟಿದೆ, ಇಲ್ಲವೇ ಹಕ್ಕಿ, ಇಲಿ ತಿಂದಿವೆ. ಖಾಲಿ ಜಾಗದ ಹರಡುವಿಕೆಯನ್ನೂ ನೋಡಿ. ಒಂದೇ ಸಾಲು ಉದ್ದಕ್ಕೂ ಬೋಳಾಗಿದ್ದರೆ ಬಿತ್ತನೆ ಯಂತ್ರದ ಕೊಳವೆ ಕಟ್ಟಿರಬೇಕು. ತಗ್ಗಿನಲ್ಲಿ ಮಾತ್ರ ಇಲ್ಲದಿದ್ದರೆ ನೀರಿನ ಸಮಸ್ಯೆ. ಇಡೀ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಒಂದೇ ಥರ ತಪ್ಪಿದ್ದರೆ ನಿಮ್ಮ ದೂರಿಗೆ ಬಲ. ಅಳತೆ ಪಟ್ಟಿ ಇಟ್ಟು ಫೋಟೋ ತೆಗೆಯಿರಿ, ಅಗೆದ ಬೀಜದ್ದೂ ಬೇಕು. ಫೋಟೋ ಮಾತ್ರ ಸಾಲದು, ಎಣಿಕೆಯನ್ನು ಕಾಗದದ ಮೇಲೆ ಬರೆದು ಅಕ್ಕಪಕ್ಕದ ಇಬ್ಬರು ರೈತರ ಸಹಿ ಹಾಕಿಸಿ.

ಈ ಹೊತ್ತಿಗೆ ಯಾರಾದರೂ ‘ಈ ಟಾನಿಕ್ ಹಾಕಿ, ಉಳಿದದ್ದೂ ಹುಟ್ಟುತ್ತೆ’ ಅಂತ ಬರುತ್ತಾರೆ. ಕೊಳೆತ ಬೀಜ ಯಾವ ಟಾನಿಕ್‌ಗೂ ಹುಟ್ಟುವುದಿಲ್ಲ. ಮೇಲಾಗಿ, ನೀವು ಸುರಿದ ಔಷಧಿಯಿಂದಲೇ ಹೀಗಾಯಿತು ಅನ್ನಲು ಕಂಪನಿಗೆ ದಾರಿಯಾಗುತ್ತದೆ.

ಉಳಿದ ಬೀಜವನ್ನು ಎರಡು ಪಾಲು ಮಾಡಿ, ಸಾಕ್ಷಿಗಳ ಮುಂದೆ ಕಾಗದದ ಲಕೋಟೆಗೆ ಹಾಕಿ ಮುಚ್ಚಿ. ಒಂದು ಪ್ರಯೋಗಾಲಯಕ್ಕೆ, ಒಂದು ನಿಮ್ಮಲ್ಲೇ. ಪ್ರಯೋಗಾಲಯದ ಪರೀಕ್ಷೆಗೆ ಸಾಮಾನ್ಯವಾಗಿ 400 ಬೀಜ ಬೇಕು, ಮೆಕ್ಕೆಜೋಳಕ್ಕೆ ಕೊನೆಯ ಎಣಿಕೆ 7ನೇ ದಿನ. ಬೀಜ ಉಳಿದಿಲ್ಲದಿದ್ದರೆ ಅದೇ ಲಾಟ್‌ನ ತೆರೆಯದ ಚೀಲ ಅಂಗಡಿಯಲ್ಲಿದೆಯಾ ನೋಡಿ, ಅದರಿಂದ ಮಾದರಿ ತೆಗೆಯಲು ಕೃಷಿ ಅಧಿಕಾರಿಗೆ ಬರೆದು ಕೇಳಿ. ಹೊಲ ಪರಿಶೀಲಿಸಿ ವರದಿ ಕೊಡಿ ಅಂತಲೂ ಅದೇ ಪತ್ರದಲ್ಲಿ ಸೇರಿಸಿ. ಪರೀಕ್ಷೆಯಲ್ಲಿ ಬೀಜ ಪಾಸಾದರೆ ದೂರು ಬಹಳ ಸಡಿಲವಾಗುತ್ತದೆ, ಅದಕ್ಕೇ ಅಗೆದು ನೋಡುವ ಕೆಲಸ ಮೊದಲು ಅಂದದ್ದು.

ಪತ್ರ ಒಂದೇ ಪುಟ ಸಾಕು. ಬೈಗುಳ ಬೇಡ. ‘ಇಂಥ ತಳಿ, ಇಂಥ ಲಾಟ್, ಇಂಥ ದಿನ ಕೊಂಡು, ಇಂಥ ದಿನ 5 ಸೆಂ.ಮೀ. ಆಳಕ್ಕೆ ಬಿತ್ತಿದೆ. ಮಣ್ಣು ಹಸಿಯಿತ್ತು. 250 ಬೀಜಕ್ಕೆ 110 ಹುಟ್ಟಿವೆ. 15 ದಿನದೊಳಗೆ ಹೊಲ ನೋಡಿ ಲಿಖಿತ ಉತ್ತರ ಕೊಡಿ.’ ಪರಿಹಾರದ ಲೆಕ್ಕದಲ್ಲಿ ಬೀಜ, ಉಳುಮೆ, ಗೊಬ್ಬರ, ಕೂಲಿ, ಮರುಬಿತ್ತನೆ ಖರ್ಚು ಬೇರೆ ಬೇರೆ ತೋರಿಸಿ. ತಡವಾದ ಬಿತ್ತನೆಯಿಂದ ಇಳುವರಿ ಕಡಿಮೆಯಾದರೆ ಅದನ್ನು ಕೊಯ್ಲಿನ ನಂತರ ಕೇಳುವ ಹಕ್ಕು ಇಟ್ಟುಕೊಂಡಿದ್ದೇನೆ ಅಂತ ಬರೆಯಿರಿ. ಮರುಬಿತ್ತಿದ ಮೇಲೂ ಪೂರ್ತಿ ಬೆಳೆ ಹೋಯಿತು ಅಂತ ಕೇಳಿದರೆ ಉಳಿದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ. ದಾಖಲೆಗಳ ನಕಲು ಮಾತ್ರ ಲಗತ್ತಿಸಿ, ಪತ್ರ ತಲುಪಿದ್ದಕ್ಕೆ ಸ್ವೀಕೃತಿ ಸಿಗುವ ಅಂಚೆಯಲ್ಲೇ ಕಳಿಸಿ.

ಹದ ತಪ್ಪುವ ಮುಂಚೆ ಮರುಬಿತ್ತನೆ ಮಾಡಲೇಬೇಕಾದರೆ ಹಳೆಯ ಬಿತ್ತನೆಯ ಒಂದು ಪಟ್ಟಿಯನ್ನು ಹಾಗೇ ಬಿಡಿ. ಕಂಪನಿಯವರು ಬದಲಿ ಚೀಲ ತಂದರೆ ತಗೊಳ್ಳಿ, ಆದರೆ ‘ದೂರು ಇತ್ಯರ್ಥವಾಗಿದೆ’ ಅನ್ನುವ ಕಾಗದಕ್ಕೆ ಸಹಿ ಬೇಡ. ‘ಬದಲಿ ಬೀಜ ಮಾತ್ರ ಪಡೆದಿದ್ದೇನೆ, ಉಳಿದ ಪರಿಹಾರ ಬಾಕಿ ಇದೆ’ ಅಂತ ನಿಮ್ಮ ಕೈಯಾರೆ ಬರೆದು, ಅದರ ಕೆಳಗೆ ಸಹಿ ಹಾಕಿ.